ಉಟ್ಟು ವಾಪಸ್ ಕಳಿಸಿದ ಇಳಕಲ್ ಸೀರೆ: ರಿಫಂಡೂ ಕೊಟ್ಟೆ, ದುಡ್ಡೂ ಬಂತು, ಸ್ಟಾರೂ ಉಳೀತು

ಆನ್‌ಲೈನ್‌ನಲ್ಲಿ ಸೀರೆ ಮಾರುವವರಿಗೆ ರಿಟರ್ನ್ ಹೊಸದೇನಲ್ಲ. ಆದರೆ ಉಟ್ಟು, ಕಾರ್ಯ ಮುಗಿಸಿ, ಮಡಚಿ ಕಳಿಸಿದ ಸೀರೆಗೆ ಮಾರ್ಕೆಟ್‌ಪ್ಲೇಸ್‌ನಿಂದ ದುಡ್ಡು ವಸೂಲಿ ಆಗುತ್ತೆ ಅಂದಾಗ ನಮ್ಮ ಇಳಕಲ್‌ನ ಮಾರಾಟಗಾರರು ಯಾರೂ ನಂಬಿರಲಿಲ್ಲ. "ಕ್ಲೇಮ್ ಹಾಕೋದು ಸುಮ್ನೆ ಟೈಮ್ ವೇಸ್ಟ್, ರಿಜೆಕ್ಟ್ ಮಾಡೋಕೇ ಅವರು ಕೂತಿರೋದು" ಅನ್ನೋರೇ ಎಲ್ಲರೂ. ಕೆಲವರು ಕೊಂಡವರ ಜೊತೆ ಮೆಸೇಜಿನಲ್ಲೇ ಜಗಳಕ್ಕೆ ಇಳಿದು ಒಂದು ಸ್ಟಾರ್ ತಗೊಂಡು ಕೂತರು. ಇನ್ನು ಕೆಲವರು ಬಾಯಿ ಮುಚ್ಚಿಕೊಂಡು ನಷ್ಟ ನುಂಗಿದರು. ನಾನು ಎರಡೂ ಬಿಟ್ಟೆ. ಕೊಂಡವರಿಗೆ ರಿಫಂಡ್ ತಡೀಬಾರದು, ಜಗಳ ಏನಿದ್ದರೂ ಪ್ಲಾಟ್‌ಫಾರ್ಮ್ ಜೊತೆ, ಅದೂ ಫೋಟೋ ಇಟ್ಟುಕೊಂಡು. ಸ್ಟಾರ್ ಕೊಡೋದು ಕೊಂಡವರು, ನಷ್ಟ ತುಂಬೋದು ಪ್ಲಾಟ್‌ಫಾರ್ಮ್. ಇಬ್ಬರನ್ನೂ ಒಂದೇ ಮಾತಿನಲ್ಲಿ ಸಂಭಾಳಿಸೋಕೆ ಹೋದರೆ ಎರಡೂ ಕೈ ತಪ್ಪುತ್ತೆ.

ಒಂದು ಕೇಸ್ ಪೂರ್ತಿ ಹೇಳ್ತೀನಿ. ಗೋಮಿ ಅನ್ನೋ ನಮೂನೆಯ ದಡಿಯ ಸೀರೆ, ಮಾರಿದ್ದು ಸುಮಾರು 4,200 ರೂಪಾಯಿಗೆ. ನೇಕಾರರಿಗೆ ಕೊಟ್ಟಿದ್ದು 2,900ರ ಆಸುಪಾಸು. ಕಮಿಷನ್, ಶಿಪ್ಪಿಂಗ್ ಎಲ್ಲ ಕಳೆದು ಕೈಗೆ ಬರಬೇಕಿದ್ದದ್ದು 3,500 ಚಿಲ್ಲರೆ. ಪ್ಯಾಕಿಂಗ್ ಖರ್ಚು ತೆಗೆದರೆ ಉಳಿಯೋದು ಐನೂರು ಚಿಲ್ಲರೆ. ಇಂಥ ಒಂದು ಸೀರೆ ಕೆಟ್ಟು ವಾಪಸ್ ಬಂದರೆ ಐದಾರು ಸೀರೆಯ ಲಾಭ ಹೋಯ್ತು ಅಂತಲೇ ಲೆಕ್ಕ.

ಡೆಲಿವರಿ ಆಗಿ ಒಂದು ವಾರದ ಹತ್ತಿರ ಆದ ಮೇಲೆ ಮೆಸೇಜ್ ಬಂತು. ಸೀರೆ ಎರಡು ತುಂಡು ಸೇರಿಸಿ ಹೊಲಿದದ್ದು, ಮೋಸ, ಪೂರ್ತಿ ದುಡ್ಡು ವಾಪಸ್ ಬೇಕು ಅಂತ. ಜೊತೆಗೆ ಒಂದು ಫೋಟೋ, ಅದರಲ್ಲಿ ಒಡಲು ಮತ್ತು ಸೆರಗು ಸೇರುವ ಗೆರೆ. ಇಳಕಲ್ ಗೊತ್ತಿದ್ದವರಿಗೆ ಅದು ತೋಪ ತೆನಿ ಸೆರಗಿನ ಕೊಂಡಿ. ಒಡಲಿನ ಹಾಸು, ಅಂದರೆ ಉದ್ದದ ಎಳೆ ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಸೇರಿಸಿ ಆಮೇಲೆ ನೇಯುತ್ತಾರೆ. ಆ ಗೆರೆ ಇಲ್ಲದಿದ್ದರೆ ಅದು ಕೈಮಗ್ಗದ ಅಸಲಿ ಇಳಕಲ್ ಹೌದೋ ಅಲ್ಲವೋ ಅಂತ ನಾವೇ ಅನುಮಾನ ಪಡ್ತೀವಿ. ಗೊತ್ತಿಲ್ಲದವರಿಗೆ ಅದು ತೇಪೆ ಥರ ಕಾಣುತ್ತೆ.

ಇಲ್ಲಿ ಹೆಚ್ಚಿನವರು ಪಾಠ ಮಾಡೋಕೆ ಶುರು ಮಾಡ್ತಾರೆ. "ನಿಮಗೆ ಕೈಮಗ್ಗ ಗೊತ್ತಿಲ್ಲ" ಅಂದ ಕೂಡಲೇ ಒಂದು ಸ್ಟಾರ್ ಖಾಯಂ. ನಾನು ಕಳಿಸಿದ್ದು ನಾಲ್ಕೇ ಸಾಲು. ನಿಮಗೆ ಸೀರೆ ಹಿಡಿಸದಿದ್ದದ್ದು ಬೇಜಾರಾಯ್ತು. ರಿಟರ್ನ್ ಹಾಕಿ, ನಾನು ತಡೆಯೋದಿಲ್ಲ. ಆ ಗೆರೆ ನೇಯ್ಗೆಯ ಭಾಗ, ಫೋಟೋ ಕಳಿಸಿದ್ದೀನಿ. ಸೀರೆ ಉಡದೆ, ಟ್ಯಾಗ್ ಸಮೇತ ಕಳಿಸಿದರೆ ದುಡ್ಡು ಬೇಗ ಬರುತ್ತೆ. ಅಷ್ಟೇ. ಕೊನೆಯ ಸಾಲು ಮುಖ್ಯ. "ಉಡದೆ" ಅನ್ನೋ ಷರತ್ತು ತಾರೀಖಿನ ಸಮೇತ ಮೆಸೇಜಿನಲ್ಲಿ ದಾಖಲಾಗುತ್ತೆ. ಆಮೇಲೆ ಕ್ಲೇಮಿನಲ್ಲಿ ಇದೇ ಕೆಲಸಕ್ಕೆ ಬಂತು.

ಫೋನ್ ಮಾಡಿ ಸಮಾಧಾನ ಹೇಳೋದನ್ನೂ ಕೆಲವು ತಿಂಗಳು ಮಾಡಿ ನೋಡಿದ್ದೆ. ನಂಬರ್ ಮರೆಮಾಚಿದ್ದರೂ ಪ್ಲಾಟ್‌ಫಾರ್ಮ್ ಮೂಲಕ ಕಾಲ್ ಹೋಗುತ್ತೆ. ಒಳ್ಳೆ ಮಾತೇ ಆಗುತ್ತೆ, ಆದರೆ ಒಂದಕ್ಷರವೂ ದಾಖಲೆಗೆ ಉಳಿಯಲ್ಲ. ಈಗ ಎಲ್ಲ ಮೆಸೇಜಿನಲ್ಲೇ, 24 ಗಂಟೆಯೊಳಗೆ. ರಿವ್ಯೂ ತೆಗೆದರೆ ಇನ್ನೂರು ರೂಪಾಯಿ ಕೊಡ್ತೀನಿ ಅನ್ನೋ ದಾರಿಗೆ ನಾನು ಹೋಗಲೇ ಇಲ್ಲ. ಅದು ಸಿಕ್ಕಿಬಿದ್ದರೆ ಅಕೌಂಟೇ ಹೋಗುತ್ತೆ. ಮನೆಯವರಿಂದ ಐದು ಸ್ಟಾರ್ ಬರೆಸಿ ಅಂತ ಸಲಹೆ ಕೊಟ್ಟವರೂ ಇದ್ದರು. ಮಾರುವವರು ಗ್ರಾಹಕರ ವೇಷದಲ್ಲಿ ರಿವ್ಯೂ ಹಾಕಬಾರದು ಅಂತ 2020ರ ಇ-ಕಾಮರ್ಸ್ ನಿಯಮದಲ್ಲೇ ಇದೆ. ಸರಕು ಕೆಟ್ಟಿದ್ದರೆ, ಹೇಳಿದಂತೆ ಇರದಿದ್ದರೆ ವಾಪಸ್ ತಗೊಳ್ಳಲ್ಲ ಅನ್ನೋ ಹಾಗೂ ಇಲ್ಲ ಅಂತ ಅದೇ ನಿಯಮ ಹೇಳುತ್ತೆ. ಹಾಗಾಗಿ ರಿಟರ್ನ್ ತಡೆಯೋಕೆ ಒದ್ದಾಡೋದರಲ್ಲಿ ಅರ್ಥವೇ ಇಲ್ಲ.

ರಿಟರ್ನ್ ಪಾರ್ಸೆಲ್ ಬಂದಾಗ ಮಾಡೋ ಕೆಲಸದಲ್ಲೇ ಅರ್ಧ ಗೆಲುವು ಇರೋದು. ಡೆಲಿವರಿ ಹುಡುಗರಿಗೆ ಯಾವಾಗಲೂ ಅವಸರ. "ಅಣ್ಣಾರ, ಲಗೂನ ಓಟಿಪಿ ಹೇಳ್ರೀ, ಇನ್ನೂ ಭಾಳ ಕಡೆ ಹೋಗೋದೈತಿ" ಅಂತಾನೆ. "ಒಂದು ನಿಮಿಷ ನಿಲ್ಲಪಾ ತಮ್ಮಾ" ಅಂತ ಹೇಳಿ, ಅವನು ಅಲ್ಲೇ ಇರುವಾಗ ಪ್ಯಾಕೆಟ್ಟಿನ ಆರೂ ಕಡೆ ಮತ್ತು ಲೇಬಲ್ಲಿನ ಫೋಟೋ ತೆಗೀತೀನಿ. ಓಟಿಪಿ ಆಮೇಲೆ. ಹರಿದಿದ್ದರೆ, ಟೇಪ್ ಮತ್ತೆ ಅಂಟಿಸಿದ್ದರೆ ಅವನ ಆ್ಯಪಿನಲ್ಲೇ ಹಾಗಂತ ಹಾಕಿಸ್ತೀನಿ. ಒಳಗೆ ಬಂದ ಮೇಲೆ ಒಂದೇ ಓಟದ ವಿಡಿಯೋ, ನಡುವೆ ಕಟ್ ಇಲ್ಲ. ಮೊದಲು ಲೇಬಲ್ಲಿನ ಟ್ರ್ಯಾಕಿಂಗ್ ನಂಬರ್, ಆಮೇಲೆ ತಕ್ಕಡಿ ಮೇಲೆ ಮುಚ್ಚಿದ ಪ್ಯಾಕೆಟ್, ಆಮೇಲೆ ಕತ್ತರಿ. ಕ್ಯಾಮೆರಾ ಒಂದು ಕ್ಷಣ ಆಚೆ ಹೋದರೂ "ನೀವೇ ಬದಲಾಯಿಸಿರಬಹುದು" ಅಂತ ರಿಜೆಕ್ಟ್ ಮಾಡ್ತಾರೆ, ಅದು ನನಗೂ ಆಗಿದೆ.

ಈ ಸೀರೆ ಬಿಚ್ಚಿದಾಗ ಮೊದಲು ತಟ್ಟಿದ್ದು ಸೆಂಟಿನ ವಾಸನೆ. ಅದನ್ನು ಫೋಟೋದಲ್ಲಿ ತೋರಿಸೋಕೆ ಆಗಲ್ಲ. ಟ್ಯಾಗ್ ಇತ್ತು, ಆದರೆ ದಾರ ಬೇರೆ. ಅರಿಶಿನದ ಸಣ್ಣ ಕಲೆ ಸೆರಗಿನ ತುದಿಯಲ್ಲಿ. ನಾನು ಹುಡುಕಿದ್ದು ಇದ್ಯಾವುದನ್ನೂ ಅಲ್ಲ. ಒಳಗಿನ ದಡಿಯ ಕೆಳ ಅಂಚನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಅಂಚಿನುದ್ದಕ್ಕೂ ಒಂದೇ ಅಂತರದಲ್ಲಿ ಸೂಜಿ ತೂತು, ಸಾಲಾಗಿ. ಅಂಚಿನಿಂದ ಮೂರು ನಾಲ್ಕು ಇಂಚು ಮೇಲೆ ಅದೇ ಥರ ಇನ್ನೊಂದು ಸಾಲು. ಫಾಲ್ ಹಚ್ಚಿ, ಉಟ್ಟು, ಫಾಲ್ ಬಿಚ್ಚಿ ಕಳಿಸಿದ್ದಾರೆ. ಒಂದು ಕಡೆ ಹೊಲಿಗೆ ದಾರದ ಚೂರು ಇನ್ನೂ ಸಿಕ್ಕಿಕೊಂಡಿತ್ತು. ಕಲೆಯನ್ನು ಕೊರಿಯರ್ ಮೇಲೆ ಹಾಕಬಹುದು, ಮಡಿಕೆ ಕೆಟ್ಟಿದ್ದನ್ನು ಬಿಚ್ಚಿ ನೋಡಿದರು ಅನ್ನಬಹುದು. ಎರಡು ಸಾಲು ಸೂಜಿ ತೂತಿಗೆ ಬೇರೆ ಕಾರಣವೇ ಇಲ್ಲ.

ಮೊದಲ ಕ್ಲೇಮ್ ರಿಜೆಕ್ಟ್ ಆಯ್ತು. ನಾನು ಮಾರುವ ಕಡೆ ರಿಟರ್ನ್ ಕೈ ಸೇರಿದ ಏಳು ದಿನದೊಳಗೆ ಹಾಕಬೇಕು, ಮರುದಿನವೇ ಹಾಕಿದ್ದೆ. ಬಂದ ಉತ್ತರ ಒಂದೇ ಸಾಲು, ಸಾಕ್ಷಿ ಸಾಲದು. ಐದಾರು ನಿಮಿಷದ ವಿಡಿಯೋ, ಹತ್ತು ಫೋಟೋ ಕೊಟ್ಟರೂ ಸಾಲದೇ? ಅಲ್ಲಿ ಕೂತವರು ದಿನಕ್ಕೆ ಎಷ್ಟೋ ಕೇಸ್ ನೋಡೋರು. ಅವರಿಗೆ ಸೀರೆಯ ಒಳಗಿನ ದಡಿ ಯಾವುದು, ಫಾಲ್ ಎಲ್ಲಿ ಹಚ್ಚೋದು ಅಂತ ಗೊತ್ತಿರಬೇಕಿಲ್ಲ. ಅವರಿಗೆ ಹುಡುಕೋ ಕೆಲಸ ಉಳಿಸಬಾರದು.

ಅಪೀಲಿಗೆ ಒಂದೇ ಚಿತ್ರ ಮಾಡಿದೆ. ಎಡಗಡೆ ಕಳಿಸುವ ಮುಂಚೆ ತೆಗೆದ ದಡಿಯ ಅಂಚು, ಬಲಗಡೆ ವಾಪಸ್ ಬಂದಾಗಿನ ಅದೇ ಜಾಗ. ತೂತುಗಳಿಗೆ ಕೆಂಪು ಸುತ್ತು. ಕೆಳಗೆ ಆರ್ಡರ್ ನಂಬರ್. ಎರಡರಲ್ಲೂ ಒಂದು ಗುರುತು ಹೊಲಿಗೆ ಕಾಣುತ್ತೆ, ಹಾಗಾಗಿ ಅದೇ ಸೀರೆ ಅನ್ನೋದರಲ್ಲಿ ತಕರಾರಿಲ್ಲ. ಪ್ರತಿ ಸೀರೆಗೂ ಆ ಗುರುತು ಹಾಕ್ತೀನಿ. ಎಲ್ಲಿ, ಯಾವ ದಾರದಲ್ಲಿ ಅಂತ ಇಲ್ಲಿ ಬರೆಯಲ್ಲ, ಕೊಳ್ಳೋರೂ ಓದ್ತಾರೆ ಅಲ್ವಾ. ಬರಹ ಐದು ಸಾಲು. ಏನು ಕಳಿಸಿದೆ, ಏನು ಬಂತು, ವಿಡಿಯೋದ ಯಾವ ನಿಮಿಷದಲ್ಲಿ ಲೇಬಲ್ ಇದೆ, ಯಾವ ನಿಮಿಷದಲ್ಲಿ ತೂತು ಇದೆ, ಉಡದೆ ಕಳಿಸಿ ಅಂತ ಯಾವ ತಾರೀಖಿಗೆ ಹೇಳಿದ್ದೆ. ಕೊಂಡವರು ಕಳ್ಳರು ಅಂತ ಎಲ್ಲೂ ಬರೆದಿಲ್ಲ. ಬೈಗುಳ ಇದ್ದ ಕ್ಲೇಮು ಗೆದ್ದದ್ದು ನಾನು ನೋಡಿಲ್ಲ.

ಹತ್ತು ಹನ್ನೆರಡು ದಿನಕ್ಕೆ ಪಾಸಾಯ್ತು. ಬಂದಿದ್ದು ಸುಮಾರು 2,400. ಪೂರ್ತಿ ಯಾವತ್ತೂ ಕೊಡಲ್ಲ. ಸೀರೆ ನನ್ನ ಹತ್ತಿರವೇ ಉಳೀತು, ತೊಳೆಸಿ, ಕಲೆ ತೋರಿಸಿಯೇ ಇಲ್ಲಿ 1,200ಕ್ಕೆ ಕೊಟ್ಟೆ. ರಿಟರ್ನ್ ಶಿಪ್ಪಿಂಗ್ 170 ಹತ್ತಿರ ಹೋಯ್ತು. ಅಸಲು ಕೈಗೆ ಬಂತು, ಮೇಲೆ ನಾನೂರು ಐನೂರು. ಕೊಂಡವರಿಗೆ ರಿಫಂಡ್ ಮೊದಲೇ ಹೋಗಿತ್ತು, ರಿವ್ಯೂ ಹಾಕಲೇ ಇಲ್ಲ.

ಈ ಕೇಸ್ ಆದ ಮೇಲೆ ನನ್ನ ಬಳಿ ಬಂದು ಕ್ಲೇಮ್ ಬರೆಸಿಕೊಂಡು ಹೋಗೋರು ಜಾಸ್ತಿ ಆದರು. ಕಳಿಸುವ ಮುಂಚಿನ ಫೋಟೋ ಇದ್ದರೆ ಬರೆದುಕೊಡ್ತೀನಿ. ಇಲ್ಲದಿದ್ದರೆ ಬರೆದು ಪ್ರಯೋಜನ ಇಲ್ಲ. ಒಂದು ಸೀರೆಗೆ ಎರಡು ನಿಮಿಷ ಸಾಕು: ಒಳ ದಡಿ, ಸೆರಗಿನ ತುದಿ, ಕೊಂಡಿ, ಗುರುತು, ತಕ್ಕಡಿ.

ಇದರ ನಡುವೆ ಬೇರೆ ಒಂದೆರಡು ಪ್ರಯೋಗವನ್ನೂ ಮಾಡಿದೆ. ಲಿಸ್ಟಿಂಗಿನ ಎರಡನೇ ಫೋಟೋ ಆಗಿ ಕೊಂಡಿ ಗೆರೆಯನ್ನೇ ಹತ್ತಿರದಿಂದ ತೆಗೆದು ಹಾಕಿದೆ, ಇದು ನೇಯ್ಗೆ, ಹೊಲಿಗೆ ಅಲ್ಲ ಅಂತ ಇಂಗ್ಲಿಷ್, ಹಿಂದಿ ಎರಡರಲ್ಲೂ ಬರೆದು. ತಮ್ಮನಿಗೆ ಇಷ್ಟ ಆಗಿರಲಿಲ್ಲ, "ದೋಷ ನಾವೇ ತೋರಿಸಿದ ಹಾಗೆ ಆಗ್ತೈತಿ" ಅಂದ. ಮಾರಾಟ ಕಮ್ಮಿ ಆಗಲಿಲ್ಲ. ತೇಪೆ ಹಾಕಿದ್ದಾರೆ ಅನ್ನೋ ರಿಟರ್ನ್ ಮೊದಲು ತಿಂಗಳಿಗೆ ಮೂರೋ ನಾಲ್ಕೋ ಇರ್ತಿತ್ತು, ಈಗ ಎರಡು ತಿಂಗಳಿಗೆ ಒಂದು. ರೇಟಿಂಗಿಗೆ ಇದೇ ದೊಡ್ಡ ಲಾಭ. ಮನಸ್ಸು ಬದಲಾಯ್ತು ಅಂತ ಕಳಿಸಿದ ರಿಟರ್ನಿಗಿಂತ ಸರಕು ಕೆಟ್ಟಿದೆ ಅಂತ ಬಂದದ್ದು ನಮ್ಮ ಖಾತೆಗೆ ಜಾಸ್ತಿ ಪೆಟ್ಟು ಕೊಡುತ್ತೆ. 3.9 ಇದ್ದದ್ದು ಒಂದೂವರೆ ವರ್ಷದಲ್ಲಿ 4.4ಕ್ಕೆ ಬಂದಿದೆ. ನಮ್ಮ ಸಾಲಿನಲ್ಲಿ ಬೇರೆ ಯಾರದ್ದೂ ಅಷ್ಟಿಲ್ಲ.

ಕ್ಯಾಶ್ ಆನ್ ಡೆಲಿವರಿ ನಿಲ್ಲಿಸಿಯೂ ನೋಡಿದೆ. ಆರ್ಡರ್ ಅರ್ಧಕ್ಕೆ ಇಳೀತು, ಮೂರು ವಾರಕ್ಕೇ ಮತ್ತೆ ಶುರು ಮಾಡಿದೆ. ಬಣ್ಣದ ತಕರಾರಿಗೆ ಮಾತ್ರ ಸುಲಭದ ಉಪಾಯ ಸಿಕ್ತು. ಟ್ಯೂಬ್‌ಲೈಟ್ ಬಿಟ್ಟು ಬೆಳಗ್ಗೆ ನೆರಳಿನಲ್ಲಿ, ಬಿಳಿ ಹಾಳೆ ಪಕ್ಕದಲ್ಲಿಟ್ಟು ಫೋಟೋ ತೆಗೆದರೆ ಗಿರಿಕುಂಕುಮ ಬಣ್ಣ ಕಂದು ಆಗಿ ಕಾಣಲ್ಲ.

ಕೊಂಡವರು ಬಾಗಿಲಲ್ಲೇ ಬೇಡ ಅಂದು ಪಾರ್ಸೆಲ್ ವಾಪಸ್ ಬಂದಾಗ ಈ ವಿಧಾನ ಅಷ್ಟು ನಡೆಯಲ್ಲ. ಅಲ್ಲಿ ಸೀರೆ ಉಟ್ಟಿರಲ್ಲ, ದಾರಿಯಲ್ಲಿ ಒದ್ದೆ ಆಗಿರುತ್ತೆ ಇಲ್ಲವೇ ಬದಲಾಗಿರುತ್ತೆ. ಅದಕ್ಕೆ ತೂಕವೊಂದೇ ಸಾಕ್ಷಿ. ಹೋಗುವಾಗ ಅರ್ಧ ಕಿಲೋ ಮೇಲಿದ್ದ ಪ್ಯಾಕೆಟ್ ಬರುವಾಗ ಮುನ್ನೂರು ಚಿಲ್ಲರೆ ಗ್ರಾಂ ಇದ್ದರೆ ಒಳಗೆ ಬೇರೆ ಸೀರೆ ಅಂತ ಮುಚ್ಚಿದ ಪ್ಯಾಕೆಟ್ಟೇ ಹೇಳುತ್ತೆ. ಅಂಥ ಕ್ಲೇಮಿನಲ್ಲಿ ಈವರೆಗೆ ಅರ್ಧದಷ್ಟು ಪಾಸಾಗಿವೆ. ಒದ್ದೆಯಾಗಿ ಬಂದ ಎರಡು ಸೀರೆಯ ಕ್ಲೇಮ್ ಇನ್ನೂ ಅಪೀಲಿನಲ್ಲೇ ಇವೆ.