ದಾರ ಇಳಿಸಿದೆ, ಹರಳಿನ ಆಕಾರ ಬದಲಾಯಿತು

ಬೆಂಗಳೂರಿನ ಏಪ್ರಿಲ್ ಬಿಸಿಲಲ್ಲಿ ಬಾಟಲಿಯೊಳಗೆ ಹಿಮದ ಹರಳು ಬೆಳೆಸ್ತೀನಿ ಅಂದಾಗ ಗೆಳೆಯರು ನಂಬಲಿಲ್ಲ. ನಂಬಿದ ಒಬ್ಬಿಬ್ಬರೂ 'ಕವಲೊಡೆದ ಹರಳು ಬಂದೀತು, ತುದಿಗೆ ತಟ್ಟೆ ಇರೋ ಸೂಜಿ ಮಾತ್ರ ಆಗಲ್ಲ' ಅಂದರು. ನನಗೆ ಬೇಕಾಗಿದ್ದು ಅದೇ. ಈಗ ಬಂದಿದೆ, ಫೋಟೋನೂ ಇದೆ.

ಜೋಡಣೆ ಹೀಗಿದೆ. ತಲೆಕೆಳಗಾದ ಪ್ಲಾಸ್ಟಿಕ್ ಬಾಟಲಿ, ಮೇಲೆ ಒದ್ದೆ ಸ್ಪಾಂಜ್, ನಡುವೆ ಇಳಿಬಿಟ್ಟ ದಾರ, ಸುತ್ತ ಥರ್ಮಾಕೋಲ್ ಡಬ್ಬದಲ್ಲಿ ಪುಡಿ ಮಾಡಿದ ಡ್ರೈ ಐಸ್, ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್. ಮೊದಲು ನಾನು ನೀರನ್ನು ಕೆಳಗಿಟ್ಟು ನೋಡಿದ್ದೆ. ಬೆಚ್ಚಗಿನ ಗಾಳಿ ಮೇಲೇರಿ ಎಲ್ಲ ಕಲಸಿಹೋಗಿ, ಬಾಟಲಿ ತುಂಬ ಮಂಜು ಕಟ್ಟಿತು. ನೀರು ಮೇಲಿದ್ದರೆ ತಣ್ಣನೆ ಗಾಳಿ ಕೆಳಗೇ ನಿಲ್ಲುತ್ತದೆ, ಆವಿ ನಿಧಾನವಾಗಿ ಇಳಿಯುತ್ತದೆ.

ಸರಿಯಾದ ದಾರ ಹುಡುಕುವುದರಲ್ಲೇ ಜಾಸ್ತಿ ದುಡ್ಡು ಹೋಯಿತು. ಹತ್ತಿ ದಾರಕ್ಕೆ ಉದ್ದಕ್ಕೂ ಇಬ್ಬನಿ ಹೆಪ್ಪುಗಟ್ಟಿ ಬಿಳಿ ಬತ್ತಿಯಂತಾಯಿತು. 1936ರಲ್ಲಿ ಜಪಾನಿನ ಹೊಕ್ಕೈಡೋದಲ್ಲಿ ಭೌತವಿಜ್ಞಾನಿ ಉಕಿಚಿರೋ ನಕಾಯಾ ಮೊದಲ ಕೃತಕ ಹರಳು ಬೆಳೆಸಿದ್ದು ಮೊಲದ ಕೂದಲಿನ ಮೇಲೆ. ಆ ಕೂದಲಿನ ಮೇಲಿನಂತೆ ಅಲ್ಲಲ್ಲಿ ಮಾತ್ರ ಹರಳು ಹುಟ್ಟಿದರೆ ಅದಕ್ಕೆ ಬೆಳೆಯಲು ಜಾಗ ಸಿಗುತ್ತದೆ. ನನಗೆ ಒಗ್ಗಿದ್ದು ಗಾಳದ ಸಣ್ಣ ನೈಲಾನ್ ದಾರ. ಅದನ್ನು ಹೇಗೆ ತಯಾರು ಮಾಡುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಡ್ರೈ ಐಸ್ ಐದು ಕಿಲೋಗಿಂತ ಕಡಿಮೆ ಕೊಡಲಿಲ್ಲ. ಪ್ರತಿ ಸಲ ಆರುನೂರು ಚಿಲ್ಲರೆ, ಒಟ್ಟು ಹತ್ತು ಸಾವಿರದ ಆಸುಪಾಸು ಆಗಿರಬೇಕು.

ದಾರ ಸರಿಯಾದ ಮೇಲೆ ಹತ್ತು ನಿಮಿಷಕ್ಕೇ ಹರಳು ಕಾಣುತ್ತವೆ. ಮೈನಸ್ 5 ಡಿಗ್ರಿ ಇರುವ ಕಡೆ ಸೂಜಿ. ಎರಡು ಸೆಂಟಿಮೀಟರ್ ಕೆಳಗೆ, ಮೈನಸ್ 15ರ ಹತ್ತಿರ, ಜರಿಗಿಡದ ಎಲೆಯಂಥ ಕವಲು. ಇನ್ನೂ ಕೆಳಗೆ ಏನೂ ಇಲ್ಲ. ಮೇಲಿನ ಹರಳುಗಳೇ ಆವಿಯನ್ನೆಲ್ಲ ಹೀರಿಬಿಡುತ್ತವೆ.

ಸೂಜಿಗಳು ಎರಡು ಮಿಲಿಮೀಟರ್ ಆಗುವವರೆಗೆ ಕಾದೆ. ಆಮೇಲೆ ದಾರವನ್ನು ಬಹಳ ನಿಧಾನವಾಗಿ ಕವಲಿನ ಜಾಗಕ್ಕೆ ಇಳಿಸಿದೆ. ಬೇಗ ಇಳಿಸಿದರೆ ಸೂಜಿ ಉದುರುತ್ತದೆ. ಕಾಲು ಗಂಟೆಯಲ್ಲಿ ಸೂಜಿ ಉದ್ದವಾಗುವುದು ನಿಂತು, ತುದಿ ಅಡ್ಡಕ್ಕೆ ಹರಡಿ ಆರು ಮೂಲೆಯ ತಟ್ಟೆಯಾಯಿತು. ಮೋಡದಲ್ಲೂ ಹೀಗೇ. ಮೈನಸ್ 22ಕ್ಕಿಂತ ತಣ್ಣಗಿನ ಎತ್ತರದಲ್ಲಿ ಕಂಬವಾಗಿ ಹುಟ್ಟಿದ ಹರಳು ಬೀಳುತ್ತಾ ಮೈನಸ್ 15ರ ಪದರ ಹೊಕ್ಕರೆ ಎರಡೂ ತುದಿಗೆ ತಟ್ಟೆ ಮೂಡುತ್ತದೆ. ನನ್ನದರಲ್ಲಿ ಒಂದು ತುದಿ ದಾರಕ್ಕೆ ಅಂಟಿರುವುದರಿಂದ ತಟ್ಟೆ ಒಂದೇ.

ಇನ್ನೊಂದು ದಿನ ಸುಮ್ನೆ ಸ್ಪಾಂಜನ್ನು ಐಸ್ ನೀರಿನಲ್ಲಿ ಅದ್ದಿಟ್ಟೆ. ಆವಿ ಕಡಿಮೆಯಾಯಿತು ಅಲ್ವಾ, ಅದೇ ಮೈನಸ್ 15ರಲ್ಲಿ ಕವಲೇ ಇಲ್ಲದ ತಟ್ಟೆ ಬಂತು, ಮೇಲೆ ಸೂಜಿಯ ಬದಲು ಮೋಟು ಕಂಬ. ಉದ್ದಕ್ಕೋ ಅಡ್ಡಕ್ಕೋ ಅನ್ನೋದನ್ನು ಮುಖ್ಯವಾಗಿ ಉಷ್ಣತೆ ತೀರ್ಮಾನಿಸುತ್ತದೆ, ಎಷ್ಟು ಕವಲು ಅನ್ನೋದನ್ನು ತೇವ.

ಉಷ್ಣತೆ ಅಳೆಯಲು ಥರ್ಮೋಕಪಲ್ ತಂತಿ ಇಡುವವರು ಹರಳು ಬೆಳೆಯುವಾಗ ಅದನ್ನು ಹೊರಗೆ ತೆಗೆಯಿರಿ. ತಂತಿಯ ಮೇಲೂ ಇಬ್ಬನಿ ಹೆಪ್ಪುಗಟ್ಟಿ, ದಾರಕ್ಕೆ ಸೇರಬೇಕಾದ ಆವಿಯನ್ನು ಅದೇ ತಿನ್ನುತ್ತದೆ.