ಕ್ಷೇತ್ರ ಬದಲಿಸುವ ಮುನ್ನ: ಮಾಡಿದ ಕೆಲಸಗಳಿಂದ ಕೌಶಲಗಳ ಪಟ್ಟಿ ತೆಗೆಯುವುದು ಹೇಗೆ?

ಬೇರೆ ಕ್ಷೇತ್ರಕ್ಕೆ ಹೋಗಬೇಕೆಂದಿರುವವರಿಗೆ ‘ನಿಮಗೆ ಬರುವುದನ್ನೆಲ್ಲ ಬರೆಯಿರಿ’ ಎಂದರೆ ಹೆಚ್ಚಿನವರು ಬರೆಯುವುದು ಒಂದೇ ಬಗೆಯ ಪಟ್ಟಿಯನ್ನು: ಶ್ರದ್ಧೆ, ಸಮಯಪಾಲನೆ, ಎಲ್ಲರೊಂದಿಗೆ ಹೊಂದಿಕೊಳ್ಳುವ ಸ್ವಭಾವ, ಉತ್ತಮ ಸಂವಹನ. ಇವು ಸುಳ್ಳಲ್ಲ, ಆದರೆ ಇವುಗಳಿಂದ ಯಾವ ಕ್ಷೇತ್ರ ತೆರೆದಿದೆ, ಯಾವುದು ಮುಚ್ಚಿದೆ ಎಂಬುದು ತಿಳಿಯುವುದಿಲ್ಲ. ಶ್ರದ್ಧೆಯನ್ನು ಎಲ್ಲ ಕ್ಷೇತ್ರಗಳೂ ಕೇಳುತ್ತವೆ. ಎಲ್ಲೆಡೆ ಕೇಳುವ ಗುಣದಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳಲು ಬರುವುದಿಲ್ಲ.

ಗುಣ ಬೇರೆ, ಕೌಶಲ ಬೇರೆ ಎಂಬ ಈ ಭೇದವನ್ನು ಅಮೆರಿಕದ ಸಾಮಾಜಿಕ ಭದ್ರತಾ ಆಡಳಿತವು 1982ರ ಒಂದು ಆದೇಶದಲ್ಲಿ ಸ್ಪಷ್ಟವಾಗಿ ಬರೆದಿಟ್ಟಿದೆ. ಅನಾರೋಗ್ಯದಿಂದ ಹಳೆಯ ಕೆಲಸ ಮಾಡಲಾಗದವರು ಬೇರೆ ಯಾವ ಕೆಲಸ ಮಾಡಬಲ್ಲರು ಎಂದು ತೀರ್ಮಾನಿಸಬೇಕಾದ ಸಂಸ್ಥೆ ಅದು. ಚುರುಕುತನ, ಕೈಹಿಡಿತದಂಥವು ವ್ಯಕ್ತಿಯ ಗುಣಗಳು. ಕೌಶಲವೆಂದರೆ ಒಂದು ವೃತ್ತಿಯನ್ನು ಮಾಡುತ್ತ ಗಳಿಸಿದ, ಸ್ವಂತ ವಿವೇಚನೆಯನ್ನು ಬೇಡುವ ತಿಳಿವಳಿಕೆ ಎಂಬುದು ಆ ಆದೇಶದ ಸಾರ. ಆ ಸಂಸ್ಥೆಯ ನಿಯಮದಲ್ಲಿ ಕೌಶಲವೊಂದು ಹೊಸ ಕೆಲಸಕ್ಕೆ ಒದಗುವ ಸಾಧ್ಯತೆ ಹೆಚ್ಚಿರುವುದು ಮೂರು ವಿಷಯಗಳು ಹೊಂದಿಕೊಂಡಾಗ: ಹೊಸ ಕೆಲಸ ಬೇಡುವ ಕೌಶಲದ ಮಟ್ಟ ಹಳೆಯದಕ್ಕೆ ಸಮವಾಗಿ ಅಥವಾ ಅದಕ್ಕಿಂತ ಕಡಿಮೆಯಾಗಿರಬೇಕು, ಉಪಕರಣಗಳು ಅದೇ ಅಥವಾ ಅದೇ ಬಗೆಯವಾಗಿರಬೇಕು, ಸಾಮಗ್ರಿ, ಉತ್ಪನ್ನ, ಪ್ರಕ್ರಿಯೆ ಇಲ್ಲವೇ ಸೇವೆಯಲ್ಲಿ ಹೋಲಿಕೆ ಇರಬೇಕು. ಸ್ವಂತ ಪಟ್ಟಿ ಮಾಡಿಕೊಳ್ಳುವವರಿಗೂ ಇದಕ್ಕಿಂತ ಒಳ್ಳೆಯ ಅಳತೆಗೋಲನ್ನು ನಾನು ಕಂಡಿಲ್ಲ.

ಯಂತ್ರದ ಬಿಡಿಭಾಗಗಳ ಸ್ಟೋರ್ಸ್‌ನಲ್ಲಿ ಒಂಬತ್ತು ವರ್ಷ ಉಸ್ತುವಾರಿ ನೋಡಿಕೊಂಡು, ಈಗ ಮಾನವ ಸಂಪನ್ಮೂಲ ವಿಭಾಗಕ್ಕೆ ಹೋಗಬೇಕೆಂದಿರುವ ಒಬ್ಬ ಮಹಿಳೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಕ್ರಮವಾಗಿ ನೋಡೋಣ. ‘ದಿನವಿಡೀ ಜನರೊಂದಿಗೇ ವ್ಯವಹರಿಸಿದ್ದೇನೆ’ ಎಂಬುದು ಆ ಆಯ್ಕೆಗೆ ಅವರು ಕೊಡುವ ಕಾರಣ.

ಮೊದಲು ಕೆಲಸಗಳು, ಕೌಶಲಗಳಲ್ಲ

ಹುದ್ದೆಯ ಹೆಸರು, ನೇಮಕಾತಿ ಪತ್ರದಲ್ಲಿದ್ದ ಜವಾಬ್ದಾರಿಗಳು ಇವೆರಡನ್ನೂ ಸದ್ಯಕ್ಕೆ ಬದಿಗಿಡಿ. ಒಂದು ಸಾಮಾನ್ಯ ದಿನ, ತಿಂಗಳ ಕೊನೆಯ ವಾರ, ಏನೋ ಎಡವಟ್ಟಾದ ಒಂದು ದಿನ, ಈ ಮೂರನ್ನು ನೆನಪಿಸಿಕೊಂಡು ಕೈ ಏನು ಮಾಡಿತೋ ಅದನ್ನೇ ಬರೆಯಿರಿ. ಮೂರನೆಯ ದಿನವನ್ನು ಬಿಡಬಾರದು, ಏಕೆಂದರೆ ದಿನನಿತ್ಯದ ಕೆಲಸದಲ್ಲಿ ವಿವೇಚನೆ ಮರೆಯಾಗಿರುತ್ತದೆ, ತೊಂದರೆಯಾದ ದಿನ ಅದು ಎದ್ದು ಕಾಣುತ್ತದೆ. ಹಳೆಯ ಡೈರಿ ಇದ್ದರೆ ಜ್ಞಾಪಕಶಕ್ತಿಗಿಂತ ಅದನ್ನು ನಂಬುವುದು ಮೇಲು. ಎಷ್ಟು ಹಿಂದಕ್ಕೆ ಹೋಗಬೇಕು ಎಂಬುದಕ್ಕೂ ಮೇಲಿನ ಸಂಸ್ಥೆಯಿಂದ ಒಂದು ಸುಳಿವು ಸಿಗುತ್ತದೆ: ಅದು ಮೊದಲು 15 ವರ್ಷಗಳ ಕೆಲಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿತ್ತು, 2024ರಿಂದ 5 ವರ್ಷಗಳದ್ದನ್ನು ಮಾತ್ರ ನೋಡುತ್ತಿದೆ. ಅದಕ್ಕಿಂತ ಹಳೆಯದನ್ನು ಬರೆಯಬಾರದೆಂದೇನಿಲ್ಲ. ‘ಇವತ್ತು ಕೂರಿಸಿದರೆ ಇದನ್ನು ಮಾಡಬಲ್ಲೆನೇ?’ ಎಂದು ಕೇಳಿಕೊಂಡು ಬರೆದರೆ ಸಾಕು.

ನಮ್ಮ ಸ್ಟೋರ್ಸ್ ಉಸ್ತುವಾರಿಯ ಮೊದಲ ಸಾಲು ‘ಸ್ಟಾಕ್ ನೋಡಿಕೊಳ್ಳುತ್ತಿದ್ದೆ’ ಎಂದಿತ್ತೆನ್ನಿ. ಇದು ಕೆಲಸವಲ್ಲ, ಕೆಲಸಗಳ ಮೂಟೆ. ಬಿಚ್ಚಿದರೆ ಒಳಗೆ ಇಷ್ಟಿರುತ್ತದೆ: ಬಂದ ಸಾಮಾನನ್ನು ಚಲನ್ ಮತ್ತು ಖರೀದಿ ಆದೇಶದೊಂದಿಗೆ ತಾಳೆ ನೋಡುವುದು, ತಿಂಗಳಿಗೊಮ್ಮೆ ಕಪಾಟಿನಲ್ಲಿರುವುದನ್ನು ಎಣಿಸಿ ಲೆಡ್ಜರ್‌ಗೆ ಹೋಲಿಸುವುದು, ವ್ಯತ್ಯಾಸ ಬಂದರೆ ಕಾರಣ ಹುಡುಕುವುದು, ಯಾವ ಸಾಮಾನನ್ನು ಯಾವಾಗ ಮತ್ತೆ ತರಿಸಬೇಕೆಂದು ನಿಗದಿ ಮಾಡುವುದು, ಒಂದೇ ಭಾಗವನ್ನು ಎರಡು ವಿಭಾಗಗಳು ಕೇಳಿದಾಗ ಯಾರಿಗೆ ಮೊದಲು ಎಂದು ತೀರ್ಮಾನಿಸುವುದು.

ಒಂದು ಸಾಲನ್ನು ಕೌಶಲವಾಗಿ ತಿರುಗಿಸುವುದು

ಈಗ ಪ್ರತಿ ಸಾಲಿಗೂ ನಾಲ್ಕು ಪ್ರಶ್ನೆ ಕೇಳಬೇಕು. ಏನನ್ನು ತೆಗೆದುಕೊಂಡು ಏನು ಮಾಡಿದೆ? ಎಲ್ಲಿ ನಾನೇ ನಿರ್ಧರಿಸಬೇಕಾಗಿತ್ತು? ಸರಿಯಾಯಿತೆಂದು ಯಾವುದರಿಂದ ತಿಳಿಯುತ್ತಿತ್ತು? ಮಾಡಿದ್ದೆನೆಂಬುದಕ್ಕೆ ಏನು ತೋರಿಸಬಲ್ಲೆ? ಎರಡನೆಯ ಪ್ರಶ್ನೆಗೆ ಉತ್ತರವಿಲ್ಲದ ಸಾಲನ್ನು ಹೊಡೆದುಹಾಕಬಹುದು. ಸಾಮಾನನ್ನು ಕಪಾಟಿಗೆ ಏರಿಸುವುದು ಶ್ರಮದ ಕೆಲಸ ನಿಜ, ಆದರೆ ಅದರಿಂದ ಹೊಸ ಕ್ಷೇತ್ರ ತೆರೆಯುವುದಿಲ್ಲ.

‘ವ್ಯತ್ಯಾಸದ ಕಾರಣ ಹುಡುಕುವುದು’ ಎಂಬ ಸಾಲನ್ನು ಹತ್ತಿರದಿಂದ ನೋಡಿ. ಲೆಡ್ಜರಿನಲ್ಲಿ ಒಂದು ಬೇರಿಂಗ್ 140 ಇದೆ, ಎಣಿಸಿದರೆ ಸಿಕ್ಕಿದ್ದು 116. ಕಳುವಾಗಿದೆ ಎಂದು ಕೂಗೆಬ್ಬಿಸುವ ಮುನ್ನ ಇವರು ಆ 24 ಎಂಬ ಸಂಖ್ಯೆಯನ್ನೇ ಹಿಡಿದು ಹೊರಡುತ್ತಾರೆ. ಆ ಬೇರಿಂಗ್ ಬರುವುದು 12ರ ಪೆಟ್ಟಿಗೆಯಲ್ಲಿ. ಅಂದರೆ ತಪ್ಪಿರುವುದು ಸರಿಯಾಗಿ ಎರಡು ಪೆಟ್ಟಿಗೆ, ಬಿಡಿಯಾಗಿ ಸೋರಿದ್ದಲ್ಲ. ಆಮೇಲೆ ಸ್ಟೋರ್ಸ್‌ನಿಂದ ಹೊರಗೆ ಹೋದ ಚೀಟಿಗಳಲ್ಲಿ 24ರ ಸಂಖ್ಯೆಯವನ್ನು ಹುಡುಕಿದಾಗ, ಹೆಚ್ಚುಕಡಿಮೆ ಅದೇ ಸಂಕೇತವಿರುವ ಇನ್ನೊಂದು ಬೇರಿಂಗಿನ ಖಾತೆಯಲ್ಲಿ ಖರ್ಚು ಬರೆದಿರುವುದು ಸಿಗುತ್ತದೆ. ಆ ಖಾತೆಯಲ್ಲಿ ಎಣಿಸಿದರೆ 24 ಹೆಚ್ಚಿರಬೇಕು; ಇದೆ. ಇಲ್ಲಿರುವ ಕೌಶಲಕ್ಕೆ ‘ಸ್ಟಾಕ್ ನಿರ್ವಹಣೆ’ ಎಂದು ಹೆಸರಿಟ್ಟರೆ ಅದು ಸ್ಟೋರ್ಸ್‌ನಲ್ಲೇ ಉಳಿದುಬಿಡುತ್ತದೆ. ‘ಎರಡು ಸ್ವತಂತ್ರ ದಾಖಲೆಗಳನ್ನು ತಾಳೆ ಹಾಕಿ, ವ್ಯತ್ಯಾಸದ ಮೂಲವನ್ನು ಮೂರನೆಯ ದಾಖಲೆಯಿಂದ ಸಾಬೀತು ಮಾಡಬಲ್ಲೆ’ ಎಂದು ಬರೆದಾಗ ಬೇರಿಂಗ್ ಬಿಟ್ಟುಹೋಗಿ ಕೌಶಲ ಉಳಿಯುತ್ತದೆ.

ಹಾಗೆಂದು ವಸ್ತುವನ್ನು ಪೂರ್ತಿ ಅಳಿಸಿ ‘ವಿಶ್ಲೇಷಣಾ ಸಾಮರ್ಥ್ಯ’ ಎಂದು ಬರೆದರೆ ಮೊದಲಿನ ಗುಣಗಳ ಪಟ್ಟಿಗೇ ವಾಪಸಾದಂತೆ. ಎಲ್ಲಿ ನಿಲ್ಲಬೇಕೆಂದು ತಿಳಿಯಲು ನಾನು ಬಳಸುವ ಪರೀಕ್ಷೆ ಇದು: ಬರೆದ ಸಾಲನ್ನು ಅಪರಿಚಿತರೊಬ್ಬರು ಓದಿ ‘ಹಾಗಾದರೆ ಇದೊಂದನ್ನು ಮಾಡಿ ತೋರಿಸಿ’ ಎಂದು ಒಂದು ನಿರ್ದಿಷ್ಟ ಕೆಲಸ ಕೊಡುವಂತಿರಬೇಕು. ದಾಖಲೆ ತಾಳೆ ಹಾಕಬಲ್ಲೆನೆಂದರೆ ಎರಡು ಹಾಳೆ ಕೊಟ್ಟು ನೋಡಬಹುದು. ವಿಶ್ಲೇಷಣಾ ಸಾಮರ್ಥ್ಯಕ್ಕೆ ಏನು ಕೊಟ್ಟು ನೋಡುವುದು?

ಇದರ ಜೊತೆ ಇನ್ನೊಂದು ಮೋಸವೂ ನಡೆಯುತ್ತದೆ. ಒಂದೇ ಕಡೆ ಬಹಳ ವರ್ಷ ಇದ್ದವರಿಗೆ ಆ ಜಾಗದ ಪರಿಚಯವೇ ಕೌಶಲವಾಗಿ ಕಾಣುತ್ತದೆ. ಯಾವ ಸರಬರಾಜುದಾರ ತಡ ಮಾಡುತ್ತಾನೆ, ಯಾವ ಮೇಲ್ವಿಚಾರಕ ಅಗತ್ಯಕ್ಕಿಂತ ಹೆಚ್ಚು ಕೇಳುತ್ತಾನೆ ಎಂಬುದು ಅಮೂಲ್ಯವೇ, ಆದರೆ ಗೇಟು ದಾಟಿದ ಕೂಡಲೇ ಅದರ ಬೆಲೆ ಮುಗಿಯುತ್ತದೆ. ದಿನಕ್ಕೆ 4 ಖರ್ಚಾಗುವ, ತರಿಸಲು 12 ದಿನ ಬೇಕಾಗುವ ಭಾಗಕ್ಕೆ 48ರ ಮೇಲೆ 16ರ ಭದ್ರತಾ ದಾಸ್ತಾನು ಸೇರಿಸಿ, 64ಕ್ಕೆ ಇಳಿದಾಗ ಆದೇಶ ಕೊಡಬೇಕೆಂದು ಲೆಕ್ಕ ಹಾಕುವುದು ಹಾಗಲ್ಲ. ಅದು ಎಲ್ಲಿಗೆ ಹೋದರೂ ಜೊತೆಗೆ ಬರುತ್ತದೆ. ಹೊಸ ಜಾಗದಲ್ಲಿ, ಯಾರ ಪರಿಚಯವೂ ಇಲ್ಲದ ಮೊದಲ ವಾರದಲ್ಲಿ ಇದು ನಡೆಯುತ್ತದೆಯೇ ಎಂದು ಕೇಳಿಕೊಂಡರೆ ಎರಡೂ ಬೇರೆಯಾಗುತ್ತವೆ.

ಇಷ್ಟಾದ ಮೇಲೆ ನಲವತ್ತು ಸಾಲಿನ ಪಟ್ಟಿ ಏಳೆಂಟು ಸಾಲಿಗೆ ಇಳಿದರೆ ಗಾಬರಿಯಾಗಬೇಕಿಲ್ಲ. ಉಳಿದವು ಗಟ್ಟಿ ಕಾಳು.

ಪಟ್ಟಿಯನ್ನು ಕ್ಷೇತ್ರದ ಎದುರು ಇಡುವುದು

ಮನಸ್ಸಿನಲ್ಲಿರುವ ಮೂರು ಕ್ಷೇತ್ರಗಳನ್ನು ಆರಿಸಿ, ಪ್ರತಿಯೊಂದರಿಂದ ಒಂದೇ ಹುದ್ದೆಯ ಹತ್ತು ಉದ್ಯೋಗ ಜಾಹೀರಾತು ಸಂಗ್ರಹಿಸಿ. ಹುದ್ದೆಯಲ್ಲಿ ಮಾಡಬೇಕಾದ ಕೆಲಸಗಳ ಸಾಲುಗಳನ್ನು ಮಾತ್ರ ಎತ್ತಿಕೊಂಡು, ಕನಿಷ್ಠ ನಾಲ್ಕು ಜಾಹೀರಾತುಗಳಲ್ಲಿ ಮರುಕಳಿಸಿದವನ್ನು ಉಳಿಸಿಕೊಳ್ಳಿ. ಜಾಹೀರಾತು ಸಾಲದಾದರೆ ಅಮೆರಿಕದ ಕಾರ್ಮಿಕ ಇಲಾಖೆಯ ಓ-ನೆಟ್ ಎಂಬ ಉಚಿತ ಮಾಹಿತಿಕೋಶದಲ್ಲಿ ವೃತ್ತಿವಾರು ಕೆಲಸಗಳ ಪಟ್ಟಿ ಇದೆ. ಆ ವೃತ್ತಿಗೆ ಎಷ್ಟು ಸಿದ್ಧತೆ ಬೇಕೆಂಬುದನ್ನು ಒಂದರಿಂದ ಐದರವರೆಗಿನ ಮಟ್ಟಗಳಲ್ಲಿ ಅದು ಹೇಳುತ್ತದೆ. ಪ್ರತಿ ಸಾಲಿನ ಮುಂದೆ ‘ಮಾಡಿದ್ದೇನೆ, ತೋರಿಸಬಲ್ಲೆ’, ‘ಇಂಥದ್ದೇ ಮಾಡಿದ್ದೇನೆ’, ‘ಮಾಡಿಲ್ಲ’ ಎಂಬ ಮೂರರಲ್ಲಿ ಒಂದು ಗುರುತು ಹಾಕಿ. ಪದವಿ, ಪರವಾನಗಿ, ನೋಂದಣಿಯಂಥ ಕಡ್ಡಾಯ ಷರತ್ತುಗಳನ್ನು ಇವುಗಳೊಂದಿಗೆ ಬೆರೆಸದೆ ಬೇರೆ ಹಾಳೆಯಲ್ಲಿ ಬರೆಯಿರಿ. ಕೌಶಲ ಎಷ್ಟೇ ಹೊಂದಿದರೂ ಆ ಹಾಳೆಯಲ್ಲಿರುವ ಒಂದೇ ಸಾಲು ಬಾಗಿಲನ್ನು ಮುಚ್ಚಬಹುದು.

ನಮ್ಮ ಉದಾಹರಣೆಯಲ್ಲಿ ಮಾನವ ಸಂಪನ್ಮೂಲ ಸಹಾಯಕ ಹುದ್ದೆಯ ಎಂಟು ಕೆಲಸಗಳಲ್ಲಿ ‘ತೋರಿಸಬಲ್ಲೆ’ ಎಂದು ಗುರುತಾಗುವುದು ಒಂದೇ, ಹೊಸಬರ ದಾಖಲೆಗಳನ್ನು ಪರಿಶೀಲಿಸುವುದು. ಹಾಜರಿ ಮತ್ತು ವೇತನದ ದಾಖಲೆ ‘ಇಂಥದ್ದೇ’ ಆಗುತ್ತದೆ. ಅರ್ಜಿ ಜರಡಿ ಹಿಡಿಯುವುದು, ಸಂದರ್ಶನ, ಸಂಬಳದ ಮಾತುಕತೆ, ದೂರು ವಿಚಾರಣೆ ಯಾವುದನ್ನೂ ಮಾಡಿಲ್ಲ. ಜನರೊಂದಿಗೆ ವ್ಯವಹರಿಸಿದ್ದು ನಿಜವೇ, ಆದರೆ ಆ ವ್ಯವಹಾರ ಸಾಮಾನಿನ ಬಗ್ಗೆ ಇತ್ತು. ಆಸ್ಪತ್ರೆಯ ಔಷಧ ದಾಸ್ತಾನಿನಲ್ಲಿ ಒಂಬತ್ತರಲ್ಲಿ ಏಳು ಹೊಂದುತ್ತವೆ, ಆದರೆ ಔಷಧ ವಿತರಣೆಯೂ ಅದೇ ಹುದ್ದೆಗೆ ಸೇರಿದ್ದರೆ ಫಾರ್ಮಸಿಯ ಅರ್ಹತೆ ಕಡ್ಡಾಯವಾಗುತ್ತದೆ. ದಾಸ್ತಾನನ್ನು ಮಾತ್ರ ನೋಡಿಕೊಳ್ಳುವ ಹುದ್ದೆ ಪ್ರತ್ಯೇಕವಾಗಿ ಇದೆಯೇ ಎಂದು ಕೇಳಿ ತಿಳಿಯಬೇಕು. ಲೆಕ್ಕಪರಿಶೋಧಕರ ಕಚೇರಿಯಲ್ಲಿ ಸ್ಟಾಕ್ ಪರಿಶೀಲನೆ ಮಾಡುವ ಸಹಾಯಕರ ಎಂಟು ಕೆಲಸಗಳಲ್ಲಿ ಆರು ‘ತೋರಿಸಬಲ್ಲೆ’ ಆಗುತ್ತವೆ. ಪರಿಶೋಧನಾ ವರದಿಗೆ ಸಹಿ ಹಾಕಲು ಅರ್ಹತೆ ಬೇಕಾದರೂ ಎಣಿಕೆ ಮತ್ತು ತಾಳೆಯ ಸಹಾಯಕರಿಗೆ ಆ ಷರತ್ತಿಲ್ಲ. ಇವರು ಎಂದೂ ಯೋಚಿಸದಿದ್ದ ಕ್ಷೇತ್ರವೇ ಹೆಚ್ಚು ತೆರೆದಿದೆ.

ಎಣಿಕೆ ಹೇಳದಿರುವುದು

ಎಂಟರಲ್ಲಿ ಆರು ಎಂಬ ಸಂಖ್ಯೆಯನ್ನು ಅಲ್ಲಿಗೇ ನಂಬಬಾರದು. ಉಳಿದ ಎರಡರಲ್ಲಿ ಒಂದು ದಿನದ ಅರ್ಧವನ್ನು ತಿನ್ನುವಂಥದ್ದಾಗಿರಬಹುದು, ಮತ್ತು ಜಾಹೀರಾತು ಅದನ್ನು ಹೇಳುವುದಿಲ್ಲ. ಆದ್ದರಿಂದ ಆ ಹುದ್ದೆಯಲ್ಲಿ ಈಗ ದುಡಿಯುತ್ತಿರುವ ಇಬ್ಬರನ್ನಾದರೂ ಭೇಟಿಯಾಗಿ, ‘ನನಗೆ ಈ ಕೆಲಸ ಸಿಗಬಹುದೇ?’ ಎಂದು ಕೇಳದೆ, ‘ನಿನ್ನೆ ಬೆಳಿಗ್ಗೆಯಿಂದ ಸಂಜೆಯವರೆಗೆ ಏನೇನು ಮಾಡಿದಿರಿ?’ ಎಂದು ಕೇಳಿ. ಮೊದಲ ಪ್ರಶ್ನೆಗೆ ಸೌಜನ್ಯದ ಉತ್ತರ ಬರುತ್ತದೆ. ಎರಡನೆಯದಕ್ಕೆ ಗಂಟೆಗಳ ಲೆಕ್ಕ ಸಿಗುತ್ತದೆ.

ಸ್ಟಾಕ್ ಪರಿಶೀಲನೆಯವರು ಕೊಡುವ ಲೆಕ್ಕದಲ್ಲಿ ಎಣಿಕೆ ಎರಡು ಗಂಟೆ, ಅದರ ಬಗ್ಗೆ ಟಿಪ್ಪಣಿ ಬರೆಯುವುದು ಮೂರು ಗಂಟೆ ಇದೆ ಎಂದುಕೊಳ್ಳಿ. ಇವರ ಪಟ್ಟಿಯಲ್ಲಿ ‘ಮಾಡಿಲ್ಲ’ ಎಂದಿದ್ದ ಎರಡರಲ್ಲಿ ಒಂದು ಇದೇ ಬರವಣಿಗೆ. ಇನ್ನೊಂದು, ವರ್ಷಾಂತ್ಯದಲ್ಲಿ ಊರೂರು ಸುತ್ತುವುದು, ಕಲಿಯುವ ವಿಷಯವಲ್ಲ, ಮನೆಯಲ್ಲಿ ಮಾತಾಡಿ ನಿರ್ಧರಿಸುವ ವಿಷಯ. ಬರವಣಿಗೆಯನ್ನು ಮಾತ್ರ ಕೋರ್ಸಿಗೆ ಹಣ ಕಟ್ಟುವ ಮೊದಲೇ ಪರೀಕ್ಷಿಸಬಹುದು. ಆ 24 ಬೇರಿಂಗ್‌ಗಳ ಪ್ರಸಂಗವನ್ನೇ ಒಂದು ಪುಟದ ಟಿಪ್ಪಣಿಯಾಗಿ, ಏನು ಎಣಿಸಿದೆ, ಏನು ಕಂಡಿತು, ಯಾವ ದಾಖಲೆಯಿಂದ ಖಚಿತವಾಯಿತು, ಮತ್ತೆ ಆಗದಿರಲು ಏನು ಮಾಡಬೇಕು ಎಂಬ ಕ್ರಮದಲ್ಲಿ ಬರೆಯಬೇಕು. ಹಳೆಯ ಕಂಪನಿಯ ಕಾಗದಪತ್ರದ ಪ್ರತಿಯನ್ನಾಗಲಿ, ಅದರ ಹೆಸರನ್ನಾಗಲಿ, ನಿಜವಾದ ಅಂಕಿಗಳನ್ನಾಗಲಿ ಅದರಲ್ಲಿ ಸೇರಿಸಕೂಡದು. ವಿಧಾನ ನಿಮ್ಮದು, ದಾಖಲೆ ಅವರದು. ಆ ಪುಟವನ್ನು ಭೇಟಿಯಾದವರಲ್ಲಿ ಒಬ್ಬರಿಗೆ ಕೊಟ್ಟು, ತಮ್ಮ ಕಚೇರಿಯಲ್ಲಾಗಿದ್ದರೆ ಎಲ್ಲೆಲ್ಲಿ ತಿದ್ದುತ್ತಿದ್ದರೋ ಅಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಡಲು ಕೇಳಿ. ವಾಕ್ಯಗಳನ್ನು ಮಾತ್ರ ತಿದ್ದಿದ್ದರೆ ಕಲಿಯಬೇಕಾದದ್ದು ಬರವಣಿಗೆಯ ರೂಢಿ, ಅದಕ್ಕೆ ಅಭ್ಯಾಸ ಸಾಕು. ‘ಈ ತೀರ್ಮಾನಕ್ಕೆ ಇಷ್ಟು ಆಧಾರ ಸಾಲದು’ ಎಂದು ಬರೆದಿದ್ದರೆ, ಪಟ್ಟಿಗೆ ಮರಳಿ ತಾಳೆ ಹಾಕುವ ಸಾಲಿನ ಮುಂದಿದ್ದ ‘ತೋರಿಸಬಲ್ಲೆ’ ಎಂಬುದನ್ನು ‘ಇಂಥದ್ದೇ’ ಎಂದು ಬದಲಿಸಿ, ಲೆಕ್ಕವನ್ನು ಇನ್ನೊಮ್ಮೆ ಕೂಡಬೇಕು.