ಹೋಗದೇ ಉಳಿದ ಅಮೆರಿಕಕ್ಕೆ ನಾನು ಲೆಕ್ಕ ಬರೆದದ್ದು

2000ನೇ ಇಸವಿಯ ಬೇಸಿಗೆಯಲ್ಲಿ ನನ್ನ ಹೆಸರಿಗೆ ಅಮೆರಿಕದಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ಅನುಮತಿ ಸಿಕ್ಕಿತ್ತು. ಆಗ ನಾನು ಬೆಂಗಳೂರಿನಲ್ಲಿ ಕೋಬಾಲ್ ಎಂಬ ಹಳೇ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದೆ. 2000ನೇ ಇಸವಿ ಬಂದರೆ ಹಳೇ ಕಂಪ್ಯೂಟರುಗಳು ತಾರೀಖು ತಪ್ಪುತ್ತವೆ ಅನ್ನುವ ವೈ2ಕೆ ಗಲಾಟೆ ಆಗಷ್ಟೇ ಮುಗಿದಿತ್ತು. ನ್ಯೂಜೆರ್ಸಿಯ ಒಂದು ಕನ್ಸಲ್ಟಿಂಗ್ ಕಂಪನಿ ವರ್ಷಕ್ಕೆ 50,000 ಡಾಲರ್ ಅಂದಿತ್ತು. ಚೆನ್ನೈಗೆ ಹೋಗಿ ಪಾಸ್‌ಪೋರ್ಟಿಗೆ ವೀಸಾ ಹಾಕಿಸಿಕೊಳ್ಳುವುದಷ್ಟೇ ಬಾಕಿ. ಅಷ್ಟರಲ್ಲಿ ಅಪ್ಪನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ನಾನು ಹೋಗಲಿಲ್ಲ. ಶಿವಮೊಗ್ಗಕ್ಕೆ ವಾಪಸ್ ಬಂದು ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಮಾಡಲು ಸೇರಿದೆ. ಈಗಲೂ ಅದೇ ಕೆಲಸ.

ವಿಚಿತ್ರ ಅಂದರೆ, ಆಗ ನನಗೆ ಅಷ್ಟೇನೂ ಬೇಜಾರಾಗಲಿಲ್ಲ. ಬೇಜಾರು ಶುರುವಾಗಿದ್ದು ಹದಿನೈದು ವರ್ಷ ಕಳೆದ ಮೇಲೆ. ಇದು ನನ್ನೊಬ್ಬನ ಕಥೆಯಲ್ಲ ಅಂತ ಆಮೇಲೆ ಓದಿ ತಿಳಿದುಕೊಂಡೆ. ಥಾಮಸ್ ಗಿಲೋವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ ಎಂಬ ಮನಶ್ಶಾಸ್ತ್ರಜ್ಞರು 1990ರ ದಶಕದ ನಡುವಿನಲ್ಲಿ ಇದರ ಬಗ್ಗೆಯೇ ಕೆಲಸ ಮಾಡಿದ್ದರು. ಹತ್ತಿರದ ದಿನಗಳನ್ನು ನೆನೆದಾಗ ಜನ ಮಾಡಿದ್ದಕ್ಕೆ ಕೊರಗುತ್ತಾರೆ. ಇಡೀ ಬದುಕನ್ನು ಹಿಂತಿರುಗಿ ನೋಡಿದಾಗ ಮಾಡದೇ ಬಿಟ್ಟಿದ್ದಕ್ಕೆ ಜಾಸ್ತಿ ಕೊರಗುತ್ತಾರೆ. ನನಗೆ ಇದರ ಕಾರಣ ಹೀಗೆ ಅರ್ಥವಾಯಿತು: ಮಾಡಿದ ಕೆಲಸದ ಫಲ ಕಣ್ಣೆದುರು ಇರುತ್ತದೆ, ಅದರ ಕುಂದುಕೊರತೆ ಗೊತ್ತಿರುತ್ತದೆ. ಮಾಡದ ಕೆಲಸಕ್ಕೆ ಕುಂದೇ ಇಲ್ಲ, ಯಾಕಂದರೆ ಅದು ನಡೆದೇ ಇಲ್ಲ. ಅಮ್ಮ ಹೇಳುವ ಹಾಗೆ, ಸತ್ತ ಎಮ್ಮೆಗೆ ಹಾಲು ಜಾಸ್ತಿ.

ನನ್ನ ಎಮ್ಮೆ ಹಾಲು ಕೊಡುತ್ತಿದ್ದದ್ದು ಯಾವಾಗ ಅಂತ ಮೊದಲು ನೋಡಿಕೊಂಡೆ. ಒಂದು ಹಳೇ ಡೈರಿ ಇಟ್ಟುಕೊಂಡು, 'ಹೋಗಿದ್ದರೆ' ಅನ್ನುವ ಯೋಚನೆ ಬಂದಾಗಲೆಲ್ಲ ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು ಅಂತ ಒಂದೇ ಸಾಲು ಬರೆದೆ. ಆ ಯೋಚನೆ ಸರಿಯೋ ತಪ್ಪೋ ಅಂತ ಬರೆಯಲಿಲ್ಲ. ಕೆಲವು ವಾರಗಳಲ್ಲೇ ಒಂದು ಸಂಗತಿ ಕಾಣಿಸಿತು. ಪಾಠ ಚೆನ್ನಾಗಿ ಆದ ದಿನ ಅಮೆರಿಕ ಬರುತ್ತಲೇ ಇರಲಿಲ್ಲ. ಮಗಳ ಫೀಸು ಕಟ್ಟುವಾಗ ಬರುತ್ತಿತ್ತು. ಹಳೇ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಮನೆಯ ಫೋಟೋ ನೋಡಿದಾಗ ಬರುತ್ತಿತ್ತು. ನನಗಿಂತ ಚಿಕ್ಕವರೊಬ್ಬರು ಸ್ಟಾಫ್ ರೂಮಿನಲ್ಲಿ 'ಸರ್, ಈ ಸಿಲೆಬಸ್ ಎಲ್ಲಾ ಹಳೇದಾಯ್ತು' ಅಂದ ದಿನ ಬಂದಿತ್ತು. ಅಂದರೆ ಬಹಳಷ್ಟು ಸಲ ನೋವು ಇವತ್ತಿನದೇ. 2000ನೇ ಇಸವಿ ಅದಕ್ಕೆ ಒಂದು ನೆಪ, ಅಷ್ಟೇ. ಫೀಸಿನ ಕಷ್ಟಕ್ಕೆ ಫೀಸಿನ ದಾರಿಯೇ ಹುಡುಕಬೇಕು, ಅಲ್ವಾ?

ಆದರೂ ಒಂದಿಷ್ಟು ಉಳಿಯಿತು. ಅದಕ್ಕಾಗಿ ಆ ಹೋಗದ ಬದುಕನ್ನು ವರ್ಷ ವರ್ಷವಾಗಿ ಕಾಗದದ ಮೇಲೆ ಬರೆಯಲು ಕೂತೆ. ನಾನೇ ಕೆಲವು ನಿಯಮ ಹಾಕಿಕೊಂಡೆ. ಬದಲಾಯಿಸಲು ಅವಕಾಶ ಒಂದೇ ಒಂದಕ್ಕೆ: ನಾನು ವಿಮಾನ ಹತ್ತಿದೆ. ಮಿಕ್ಕ ಜಗತ್ತು ನಿಜವಾಗಿ ಹೇಗೆ ನಡೆಯಿತೋ ಹಾಗೇ ನಡೆಯಬೇಕು. ನಾನೂ ನಾನೇ ಆಗಿರಬೇಕು; ಜನರ ಹತ್ತಿರ ಬೇಗ ಬೆರೆಯದ, ಇಂಟರ್‌ವ್ಯೂ ಅಂದರೆ ಬೆವರುವ ಅದೇ ಮನುಷ್ಯ. ಇನ್ನೊಂದು, ಯಾವ ಲಾಭ ಬರೆದರೂ ಅದರ ಖರ್ಚನ್ನೂ ಅದೇ ಸಾಲಿನಲ್ಲಿ ಬರೆಯಬೇಕು.

ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ಐವತ್ತು ಸಾವಿರ ಡಾಲರ್ ಅಂದರೆ ಆಗಿನ ಲೆಕ್ಕಕ್ಕೆ ಸುಮಾರು ಇಪ್ಪತ್ತೆರಡು ಲಕ್ಷ ರೂಪಾಯಿ. ಇಷ್ಟು ವರ್ಷ ನನ್ನ ತಲೆಯಲ್ಲಿ ಕೂತಿದ್ದದ್ದು ಆ ಇಪ್ಪತ್ತೆರಡು ಲಕ್ಷ. ದುಡಿಮೆ ಡಾಲರಿನಲ್ಲಾದರೆ ಬಾಡಿಗೆ, ಕಾರು, ತೆರಿಗೆ, ಇನ್ಶೂರೆನ್ಸ್ ಕೂಡ ಡಾಲರಿನಲ್ಲೇ ತಾನೇ? ನಾನು ದುಡಿಮೆ ನ್ಯೂಜೆರ್ಸಿಯಲ್ಲಿ, ಖರ್ಚು ಶಿವಮೊಗ್ಗದಲ್ಲಿ ಅಂತ ಲೆಕ್ಕ ಹಾಕುತ್ತಿದ್ದೆ.

ಎರಡನೇ ಸಾಲಿನಲ್ಲಿ ಇನ್ನೂ ದೊಡ್ಡದು ಸಿಕ್ಕಿತು. ಟೆಕ್ ಕಂಪನಿಗಳೇ ಜಾಸ್ತಿ ಇರುವ ಅಮೆರಿಕದ ಷೇರು ಸೂಚ್ಯಂಕ ನಾಸ್ಡಾಕ್ ತುದಿ ಮುಟ್ಟಿದ್ದು 2000ದ ಮಾರ್ಚಿನಲ್ಲಿ. ನಾನು ಹೋಗಬೇಕಿದ್ದ ಹೊತ್ತಿಗೆ ಇಳಿಯಲು ಶುರುವಾಗಿತ್ತು. 2002ರ ಅಕ್ಟೋಬರ್ ಹೊತ್ತಿಗೆ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕರಗಿತ್ತು. ಕನ್ಸಲ್ಟಿಂಗ್ ಕಂಪನಿಗಳು ಹುಡುಗರನ್ನು ಪ್ರಾಜೆಕ್ಟ್ ಇಲ್ಲದೆ ಬೆಂಚಿನ ಮೇಲೆ ಕೂರಿಸಿದವು. ಕೆಲಸ ಹೋದ ಎಚ್-1ಬಿಯವರಿಗೆ ಬೇರೆ ಕೆಲಸ ಹುಡುಕಲು ಇಷ್ಟು ದಿನ ಅಂತ ಕಾನೂನಿನಲ್ಲಿ ಆಗ ಸಮಯವೂ ಇರಲಿಲ್ಲ. ಈಗಿರುವ 60 ದಿನಗಳ ಅವಕಾಶ ಬಂದದ್ದು 2017ರಲ್ಲಿ. ನನ್ನ ಕನಸಿನಲ್ಲಿ 2001 ಎಂಬ ವರ್ಷವೇ ಇರಲಿಲ್ಲ. 2000ದಲ್ಲಿ ವಿಮಾನ ಹತ್ತಿದವನು ನೇರವಾಗಿ 2015ರ ದೊಡ್ಡ ಮನೆಯ ಮುಂದೆ ಇಳಿಯುತ್ತಿದ್ದ.

ಇಲ್ಲಿಗೆ ನಿಲ್ಲಿಸಬಹುದಿತ್ತು. 'ಹೋಗದಿದ್ದದ್ದೇ ಒಳ್ಳೇದಾಯ್ತು, ಹೋಗಿದ್ದರೆ ಬೀದಿಗೆ ಬೀಳುತ್ತಿದ್ದೆ' ಅಂತ ಹೇಳಿಕೊಂಡು ಮಲಗಬಹುದಿತ್ತು. ಹೆಂಡತಿಯ ಹತ್ತಿರ ಅದನ್ನೇ ಹೇಳಿದೆ ಕೂಡ. ಅವಳು, "ರೀ, ಮೊದಲು ಅಲ್ಲಿ ಎಲ್ಲಾ ಚಿನ್ನ ಅಂತಿದ್ರಿ. ಈಗ ಎಲ್ಲಾ ಮಣ್ಣು ಅಂತೀರ. ಎರಡೂ ನೀವು ನೋಡಿಲ್ವಲ್ಲ" ಅಂದಳು. ಸರಿಯಾದ ಮಾತು. ಹುಳಿ ದ್ರಾಕ್ಷಿ ಕೂಡ ಅದೇ ಬಲೆ. ಅಲ್ಲಿಯ ಬದುಕು ಕೆಟ್ಟದಿರಲೇಬೇಕು ಅಂತ ಹಟ ಹಿಡಿದರೆ, ಅಲ್ಲಿ ಚೆನ್ನಾಗಿರುವ ಒಬ್ಬ ಗೆಳೆಯ ಫೋನ್ ಮಾಡಿದರೂ ಲೆಕ್ಕ ಮತ್ತೆ ತಲೆಕೆಳಗಾಗುತ್ತದೆ.

ಹಾಗಾಗಿ ಒಂದು ಕಥೆ ಬಿಟ್ಟು ಮೂರು ಬರೆದೆ: ಚೆನ್ನಾಗಿ ಆದದ್ದು, ನಡುವಿನದು, ಕೆಟ್ಟದ್ದು. ಮೂರೂ ನಂಬುವಂತಿರಬೇಕು. ಅದಕ್ಕೆ ನಿಜವಾದ ಮಾಹಿತಿ ಬೇಕಿತ್ತು. ಆ ವರ್ಷ ನಮ್ಮ ಟೀಮಿನಿಂದ ಹೋದವರನ್ನೆಲ್ಲ ಹುಡುಕಿದೆ. ಗ್ರೂಪಿನಲ್ಲಿ ಫೋಟೋ ಹಾಕುವವರು ಗೊತ್ತೇ ಇದ್ದರು. ಕಷ್ಟವಾದದ್ದು ಗ್ರೂಪಿನಲ್ಲಿ ಇಲ್ಲದವರನ್ನು ಹುಡುಕುವುದು. ಅವರನ್ನು ಕೇಳದೆ ಹಾಕುವ ಲೆಕ್ಕ ಲೆಕ್ಕವೇ ಅಲ್ಲ.

ಒಬ್ಬ 2001ರಲ್ಲಿ ಕೆಲಸ ಕಳೆದುಕೊಂಡು ಬೆಂಗಳೂರಿಗೆ ಬಂದಿದ್ದ. ಆಮೇಲೆ ಇಲ್ಲೇ ಒಳ್ಳೆಯ ಸ್ಥಾನಕ್ಕೆ ಏರಿದ್ದಾನೆ. ಇನ್ನೊಬ್ಬ ಅಲ್ಲೇ ಉಳಿದ. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸಾಲು 2005ರ ನಂತರ ಬೆಳೆಯಿತಲ್ಲ, ಅದರಲ್ಲಿ ವರ್ಷಗಟ್ಟಲೆ ನಿಂತ. ಅಷ್ಟೂ ವರ್ಷ ಕಂಪನಿ ಬದಲಾಯಿಸಲು ಹೆದರಿದ್ದನಂತೆ. ಮೂರನೆಯವನು ನಿಜಕ್ಕೂ ಚೆನ್ನಾಗಿದ್ದಾನೆ. ಅವನ ಹತ್ತಿರ 'ಊರಿಗೆ ಬರಬೇಕು ಅನಿಸಲ್ವಾ?' ಅಂತ ಕೇಳಿದೆ. ನನಗೆ ಬೇಕಾದ ಉತ್ತರ ಸಿಗಲಿ ಅಂತಲೇ ಕೇಳಿದ್ದು. "ಇಲ್ಲ ಮಾರಾಯ, ನಾನು ಇಲ್ಲಿ ಖುಷಿಯಾಗಿದೀನಿ" ಅಂದ. ಅದನ್ನೂ ಬರೆದುಕೊಂಡೆ.

ಮೂರೂ ಕಥೆ ಎದುರಿಗಿಟ್ಟುಕೊಂಡಾಗ ಯಾವುದು ನನ್ನದಾಗುತ್ತಿತ್ತು ಅಂತ ಹೇಳಲು ಆಗಲಿಲ್ಲ. ಇದೇ ನನಗೆ ಬೇಕಿದ್ದ ಫಲ. ಅಲ್ಲಿಯವರೆಗೆ ನಾನು ಇಪ್ಪತ್ತು ವರ್ಷದ ಒಂದು ನಿಜ ಬದುಕನ್ನು ನಾಲ್ಕು ಫೋಟೋಗಳ ಜೊತೆ ತೂಗುತ್ತಿದ್ದೆ. ಈಗ ಆ ಕಡೆ ತಟ್ಟೆಯಲ್ಲಿ ಮೂರು ಬದುಕು ಕೂತಿದ್ದವು, ಒಂದಕ್ಕೊಂದು ಹೊಂದದವು.

ಇನ್ನೊಂದು ಹಾಳೆ ಅಪ್ಪನಿಗೆ ಸಂಬಂಧಿಸಿದ್ದು. ಮಧ್ಯೆ ಗೆರೆ ಎಳೆದು, ಎಡಗಡೆ 2000ದ ಮೇ ತಿಂಗಳಲ್ಲಿ ನನಗೆ ಗೊತ್ತಿದ್ದದ್ದು, ಬಲಗಡೆ ಆಮೇಲೆ ಗೊತ್ತಾದದ್ದು ಬರೆದೆ. ಅಪ್ಪ ಎಂಟು ತಿಂಗಳಲ್ಲಿ ಕೋಲು ಹಿಡಿದು ನಡೆದರು. 2007ರವರೆಗೆ ಬದುಕಿದರು. ನಾನು ಇರದಿದ್ದರೂ ತಂಗಿ ಸಂಭಾಳಿಸುತ್ತಿದ್ದಳೇನೋ. 'ಸುಮ್ನೆ ಉಳಿದೆ' ಅಂತ ನನ್ನನ್ನು ಬೈದುಕೊಳ್ಳುತ್ತಿದ್ದದ್ದು ಈ ಮಾತುಗಳಿಂದಲೇ. ಬರೆದು ನೋಡಿದರೆ ಮೂರೂ ಬಲಗಡೆ ಬಿದ್ದವು. ಎಡಗಡೆ ಇದ್ದದ್ದು, ಮಂಚದ ಮೇಲೆ ಮಾತು ತೊದಲುತ್ತಿದ್ದ ಅಪ್ಪ ಮತ್ತು 'ಮೊದಲ ಆರು ತಿಂಗಳ ಫಿಸಿಯೋಥೆರಪಿ ಮುಖ್ಯ' ಅಂದ ಡಾಕ್ಟರು. ಆ ಎಡಗಡೆಯ ಪಟ್ಟಿ ಇಟ್ಟುಕೊಂಡು ಮತ್ತೆ ತೀರ್ಮಾನ ಮಾಡು ಅಂದರೆ ನಾನು ಇವತ್ತೂ ಅದನ್ನೇ ಮಾಡುತ್ತೇನೆ.

ಈ ಬರವಣಿಗೆಯಲ್ಲಿ ಒಂದು ಅಪಾಯ ಇದೆ. ಕೊರಗುವುದಕ್ಕೆ ಇದೇ ಹೊಸ ಜಾಗವಾಗಿಬಿಡಬಹುದು. ನಾನು ಕಂಡುಕೊಂಡ ಗುರುತು ಇದು: ಹೊಸ ಪ್ರಶ್ನೆ ಅಥವಾ ಹೊಸ ಸಂಗತಿ ಬರುತ್ತಿದ್ದರೆ ಕೆಲಸ ನಡೆಯುತ್ತಿದೆ. ಅದೇ ವಾಕ್ಯ ಬೇರೆ ಮಾತಿನಲ್ಲಿ ಮತ್ತೆ ಬಂದರೆ ಪೆನ್ನು ಇಡಬೇಕು. ಅರ್ಧ ಗಂಟೆಗಿಂತ ಜಾಸ್ತಿ ಕೂರುತ್ತಿರಲಿಲ್ಲ. ರಾತ್ರಿ ಊಟದ ಮೇಲಂತೂ ಮುಟ್ಟುತ್ತಿರಲಿಲ್ಲ, ಆ ಹೊತ್ತಿನಲ್ಲಿ ಬರೆದದ್ದೆಲ್ಲ ಕಪ್ಪಾಗಿಯೇ ಬರುತ್ತದೆ. ನಿದ್ದೆ, ಊಟ ಬಿಟ್ಟುಹೋಗಿ ವಾರಗಟ್ಟಲೆ ಹಾಗೇ ಇದ್ದರೆ, ಅಥವಾ ಬದುಕೇ ಬೇಡ ಅನಿಸಿದರೆ ಹಾಳೆ, ಪೆನ್ನಿನಿಂದ ಆಗುವ ಕೆಲಸವಲ್ಲ ಅದು. ಡಾಕ್ಟರ ಹತ್ತಿರ ಹೋಗಬೇಕು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡಬಹುದು.

ಎಲ್ಲಾ ಬರೆದ ಮೇಲೂ ಕರಗದೆ ಉಳಿದದ್ದು ಎರಡು. ಒಂದು ಹಣ. ಕೆಟ್ಟ ಕಥೆ ಬಿಟ್ಟರೆ ಮಿಕ್ಕ ಎರಡರಲ್ಲೂ ನಾನು ಈಗಿನದಕ್ಕಿಂತ ಅನುಕೂಲಸ್ಥನೇ. ಅದು ನಷ್ಟ, ನಷ್ಟ ಅಂತಲೇ ಬರೆದು ಬಿಟ್ಟೆ. ಎರಡನೆಯದು, ನನಗಿಂತ ಜಾಣರಿರುವ ಕಡೆ ಕೂತು ಕೆಲಸ ಮಾಡಬೇಕು ಅನ್ನುವ ಆಸೆ. ಮೂರು ಕಥೆಯಲ್ಲೂ ನಾನು ಪ್ರೀತಿಯಿಂದ, ಉದ್ದಕ್ಕೆ ಬರೆದಿದ್ದದ್ದು ಆ ಭಾಗವನ್ನೇ. ಅದಕ್ಕೆ ನ್ಯೂಜೆರ್ಸಿಯೇ ಆಗಬೇಕಿಲ್ಲ. ಬೆಂಗಳೂರಿಗೆ ವಾಪಸ್ ಬಂದಿದ್ದ ಗೆಳೆಯನ ಟೀಮಿನವರು ಬ್ಯಾಂಕುಗಳ ಹಳೇ ಕೋಬಾಲ್ ಪ್ರೋಗ್ರಾಮುಗಳನ್ನು ಹೊಸದಕ್ಕೆ ಸಾಗಿಸುತ್ತಾರೆ. ಆ ಭಾಷೆ ಬಲ್ಲವರು ಈಗ ಕಡಿಮೆ. ಕಾಲೇಜಿನಿಂದ ಒಪ್ಪಿಗೆ ತಗೊಂಡು ರಜೆಯಲ್ಲಿ ಅವರ ಜೊತೆ ಕೂರುತ್ತೇನೆ. ಅಲ್ಲಿಯ ಹುಡುಗರು ನನ್ನ ತಪ್ಪನ್ನು ಮುಲಾಜಿಲ್ಲದೆ ತೋರಿಸುತ್ತಾರೆ. ಚೆನ್ನಾಗಿದೆ.

ಈ ವರ್ಷ ಮಗಳು ಎಂಎಸ್‌ಗೆ ಜರ್ಮನಿಗೆ ಹೋಗಬೇಕೋ ಇಲ್ಲೇ ಸಿಕ್ಕಿರುವ ಕೆಲಸಕ್ಕೆ ಸೇರಬೇಕೋ ಅಂತ ಯೋಚಿಸುತ್ತಿದ್ದಾಳೆ. "ಅಪ್ಪ, ನೀನಾಗಿದ್ರೆ?" ಅಂದಳು. ನನ್ನ ಕಥೆಯನ್ನು ಸಲಹೆಯಾಗಿ ಹೇಳಲಿಲ್ಲ. ಎಡಗಡೆಯ ಪಟ್ಟಿಯನ್ನು ಈಗಲೇ ಬರೆದಿಡು ಅಂದೆ: ಇವತ್ತು ಏನು ಗೊತ್ತಿದೆ, ಏನು ಗೊತ್ತಿಲ್ಲ, ಯಾವ ಕಾರಣಕ್ಕೆ ಆರಿಸುತ್ತಿದ್ದೇನೆ, ಕೆಳಗೆ ತಾರೀಖು. ಹದಿನೈದು ವರ್ಷ ಆದಮೇಲೆ ಅದನ್ನು ನೆನಪಿನಿಂದ ಬರೆಯಲು ಕೂತರೆ ಬಹಳ ಕಷ್ಟ.